ಬಿಲ್ಲಿನಲ್ಲಿ ನಲವತ್ತು, ಹುಡುಗನ ಕೈಗೆ ಎರಡು

ವಿದ್ಯಾನಗರದ ಒಂದು ಎ.ಸಿ. ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ನಾಲ್ಕು ಜನ ಉಂಡು ಎದ್ದರು ಎನ್ನಿ. ಊಟದ ಲೆಕ್ಕ 800 ರೂಪಾಯಿ. ಅದರ ಕೆಳಗಿನ ಸಾಲಿನಲ್ಲಿ ಸರ್ವಿಸ್ ಚಾರ್ಜ್ ಶೇ 5, ಅಂದರೆ 40. ಎರಡೂ ಸೇರಿದ 840ರ ಮೇಲೆ ಜಿಎಸ್‌ಟಿ ಶೇ 5, ಅದು 42. ಒಟ್ಟು 882. ಬಿಲ್ಲು ನೋಡಿದ ಯಜಮಾನರು ‘ಹುಡುಗನಿಗೆ ಅಂತ ಇದರಲ್ಲೇ ಹಾಕಿಬಿಟ್ಟಿದ್ದಾರಲ್ಲ’ ಎಂದುಕೊಂಡು, ಜೇಬಿಗೆ ಹೋಗಬೇಕಿದ್ದ ಕೈಯನ್ನು ಸೋಂಪಿನ ಬಟ್ಟಲಿಗೆ ಹಾಕುತ್ತಾರೆ. ನೀರು ತಂದಿಟ್ಟು, ರೊಟ್ಟಿ ಬಿಸಿ ಬಿಸಿ ಬೇಕೆಂದಾಗ ಎರಡು ಸಲ ಒಳಗೆ ಓಡಿ, ಮಗುವಿಗೆ ಮೊಸರನ್ನ ಬೇರೆ ಮಾಡಿಸಿ ತಂದ ಆ ಹುಡುಗನಿಗೆ ಆ ನಲವತ್ತರಲ್ಲಿ ಸಿಗುವುದು ಹೆಚ್ಚುಕಡಿಮೆ ಎರಡು ರೂಪಾಯಿ. ಮಾಲೀಕರು ಒಂದು ಪೈಸೆ ಒಳಗೆ ಹಾಕಿಕೊಳ್ಳದೆ ಇದ್ದರೂ ಅಷ್ಟೇ.

ದಾವಣಗೆರೆಯಲ್ಲಿ ಇದು ಎಲ್ಲ ಹೋಟೆಲುಗಳ ಕಥೆಯಲ್ಲ. ಬೆಣ್ಣೆದೋಸೆ ಹೋಟೆಲಿನಲ್ಲಿ ಸಪ್ಲಾಯರ್ ಬಾಯಲ್ಲೇ ಲೆಕ್ಕ ಕೂಗುತ್ತಾನೆ, ಗಲ್ಲಾದಲ್ಲಿ ಕೂತವರು ತಗೊಳ್ಳುತ್ತಾರೆ. ಖಾನಾವಳಿಯಲ್ಲಿ ಊಟಕ್ಕೊಂದೇ ದರ. ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಂತೂ ಬಿಲ್ಲೆಂಬುದೇ ಇಲ್ಲ. ಅಲ್ಲಿ ದುಡಿಯುವವರಿಗೆ ದಿನಗೂಲಿ, ಇಲ್ಲವೇ ಊಟ ವಸತಿ ಕೊಟ್ಟು ತಿಂಗಳಿಗಿಷ್ಟು ಎಂಬ ಮಾತು. ಸರ್ವಿಸ್ ಚಾರ್ಜಿನ ಸಾಲು ಕಾಣುವುದು ಕಂಪ್ಯೂಟರ್ ಬಿಲ್ಲು, ಲಾಡ್ಜು, ಪಾರ್ಟಿ ಹಾಲು, ಕೋಟು ತೊಟ್ಟ ಕ್ಯಾಪ್ಟನ್ ಇರುವ ಕಡೆ. ಅದಕ್ಕಿಂತ ಹೆಚ್ಚಾಗಿ ಅದನ್ನು ಬಲ್ಲವರು ಇಲ್ಲಿಂದ ಬೆಂಗಳೂರಿಗೆ, ಗೋವಾಕ್ಕೆ ಹೋಗಿ ದುಡಿಯುವ ಹುಡುಗರು. ಅವರ ಬಾಯಲ್ಲಿ ಪಗಾರದ ಮಾತು ಬಂದರೆ ಎರಡು ಅಂಕಿ ಇರುತ್ತವೆ: ‘ಬೇಸಿಕ್ ಇಷ್ಟು, ಪಾಯಿಂಟ್ ಇಷ್ಟು ಬೀಳ್ತದೆ.’ ಆ ‘ಬೀಳ್ತದೆ’ ಎನ್ನುವುದರೊಳಗೇ ಈ ಪದ್ಧತಿಯ ಸ್ವಭಾವ ಇದೆ. ಅದು ಕೊಡುವ ಸಂಬಳವಲ್ಲ, ಬೀಳುವ ಹಣ.

ಲೆಕ್ಕ ತಿಳಿಯಲು ಒಂದು ಮಾದರಿ ಕಟ್ಟಿಕೊಳ್ಳೋಣ. ಇದು ಯಾವ ಹೋಟೆಲಿನ ಖಾತೆಯೂ ಅಲ್ಲ. ಆದರೆ ಈ ಗಾತ್ರದ ಜಾಗಗಳಲ್ಲಿ ನಡೆಯುವುದು ಹೀಗೇ. ಇಪ್ಪತ್ತೆರಡು ಜನ ಕೆಲಸದವರು, ತಿಂಗಳ ವ್ಯಾಪಾರ 20 ಲಕ್ಷ. ಶೇ 5ರಂತೆ ಸರ್ವಿಸ್ ಚಾರ್ಜ್ ಒಂದು ಲಕ್ಷ ಆಗಬೇಕು. ಐದರಲ್ಲೊಂದು ಪಾಲು ಗಿರಾಕಿಗಳು ಬೇಡವೆಂದು ತೆಗೆಸಿದರು, ಉಳಿದದ್ದು 80,000. ಒಡೆದ ಗ್ಲಾಸು, ಕಳೆದ ಚಮಚ ಎಂದು ಶೇ 5 ‘ಬ್ರೇಕೇಜ್’ ಹಿಡಿದರು, 4,000. ಹಂಚಲು ಸಿಕ್ಕ ಗಂಟು 76,000.

ಇನ್ನು ಪಾಯಿಂಟು. ಮ್ಯಾನೇಜರಿಗೆ 5. ಇಬ್ಬರು ಕ್ಯಾಪ್ಟನ್‌ಗಳಿಗೆ ತಲಾ 4. ಎಂಟು ಸಪ್ಲಾಯರ್‌ಗಳಿಗೆ ತಲಾ 3. ಇಬ್ಬರು ಮುಖ್ಯ ಅಡುಗೆಯವರಿಗೆ ತಲಾ 4, ಅವರ ಕೈಕೆಳಗಿನ ನಾಲ್ವರಿಗೆ ತಲಾ ಎರಡೂವರೆ. ಗಲ್ಲಾದವನಿಗೆ 2. ಟೇಬಲ್ ಒರೆಸುವ, ಪಾತ್ರೆ ತೊಳೆಯುವ ನಾಲ್ವರಿಗೆ ತಲಾ 2. ಎಲ್ಲ ಕೂಡಿದರೆ 65 ಪಾಯಿಂಟು. ಕೆಲವು ಕಡೆ ಗಂಟನ್ನು ಈ 65ರಿಂದ ಭಾಗಿಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಒರಟು ಲೆಕ್ಕ, ಏಕೆಂದರೆ ಇಪ್ಪತ್ತಾರು ದಿನ ಬಂದವನೂ ಹದಿನೈದು ದಿನ ಬಂದವನೂ ಅಲ್ಲಿ ಒಂದೇ. ಸರಿಯಾಗಿ ಮಾಡುವವರು ಪ್ರತಿಯೊಬ್ಬರ ಪಾಯಿಂಟನ್ನು ಅವರು ಕೆಲಸಕ್ಕೆ ಬಂದ ದಿನಗಳಿಂದ ಗುಣಿಸುತ್ತಾರೆ. ಎಲ್ಲರೂ ಪೂರ್ತಿ 26 ದಿನ ಬಂದಿದ್ದರೆ 1,690 ಆಗುತ್ತಿತ್ತು. ರಜೆ, ಜ್ವರ, ಊರಹಬ್ಬ ಎಲ್ಲ ಕಳೆದು ಆ ತಿಂಗಳು 1,520 ಆಯಿತು. 76,000ವನ್ನು 1,520ರಿಂದ ಭಾಗಿಸಿದರೆ ಒಂದು ಪಾಯಿಂಟಿಗೆ ಒಂದು ದಿನಕ್ಕೆ 50 ರೂಪಾಯಿ.

ಮೂರು ಪಾಯಿಂಟಿನ ಸಪ್ಲಾಯರ್ 26 ದಿನ ಬಂದಿದ್ದರೆ 78 ಐವತ್ತಲೆ 3,900. ಕ್ಯಾಪ್ಟನ್‌ಗೆ 5,200. ಪಾತ್ರೆ ತೊಳೆಯುವವನಿಗೆ 2,600. ಮ್ಯಾನೇಜರಿಗೆ 6,500. ಮೊದಲಿನ ಬಿಲ್ಲಿಗೆ ವಾಪಸು ಹೋದರೆ, ನಲವತ್ತರಲ್ಲಿ ಬ್ರೇಕೇಜ್ ಎರಡು ರೂಪಾಯಿ ಹೋಗಿ ಉಳಿದ 38ನ್ನು 1,520 ಪಾಲು ಮಾಡಿ ಅದರಲ್ಲಿ 78 ಪಾಲು ಆ ಹುಡುಗನದು: 1 ರೂಪಾಯಿ 95 ಪೈಸೆ. ಅವನು ಅವತ್ತು ರಜೆ ಹಾಕಿ ಬೇರೊಬ್ಬ ನಿಮಗೆ ಬಡಿಸಿದ್ದರೂ ಆ ನಲವತ್ತರಲ್ಲಿ ಅವನಿಗೊಂದು ಪಾಲು ಇದ್ದೇ ಇರುತ್ತದೆ, ಒಂದು ದಿನದಷ್ಟು ಕಡಿಮೆ ಅಷ್ಟೆ. ಒಳ್ಳೆಯ ಸೇವೆಗೆ ಬಹುಮಾನ ಎಂದು ಗಿರಾಕಿ ಕೊಡುವ ಹಣ ಗಲ್ಲಾ ದಾಟಿದ ಮೇಲೆ ಹಾಜರಿಯ ಹಣವಾಗುತ್ತದೆ.

ಇದನ್ನು ಅನ್ಯಾಯ ಎನ್ನಲು ನನಗೆ ಮನಸ್ಸಿಲ್ಲ. ಕೈಗೆ ಕೊಡುವ ಟಿಪ್ಸ್ ಹೊರಗಿನವನದೇ ಪಾಲು. ಒಲೆಯ ಮುಂದೆ ಬೇಯುವವನಿಗೂ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಡಾಯಿ ತಿಕ್ಕುವವನಿಗೂ ಅದರ ವಾಸನೆಯೂ ಬರುವುದಿಲ್ಲ. ಪಾಯಿಂಟ್ ಪದ್ಧತಿಯಲ್ಲಿ ಬರುತ್ತದೆ. ಕಿಟಕಿ ಪಕ್ಕದ ಒಳ್ಳೆಯ ಟೇಬಲಿಗಾಗಿ ಸಪ್ಲಾಯರ್‌ಗಳು ಜಗಳಾಡುವುದು, ಮಕ್ಕಳೊಂದಿಗರ ದೊಡ್ಡ ಕುಟುಂಬವನ್ನು ಕಂಡು ಮುಖ ತಿರುಗಿಸುವುದು ಇದರಿಂದ ಕಡಿಮೆಯಾಗುತ್ತದೆ. ಈಗಂತೂ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು 882ಕ್ಕೆ 882 ಕಳಿಸಿ ಎದ್ದು ಹೋಗುವ ಕಾಲ. ತಟ್ಟೆಯಲ್ಲಿ ಚಿಲ್ಲರೆ ಬಿಡೋಣವೆಂದರೆ ಜನರ ಕೈಯಲ್ಲಿ ಚಿಲ್ಲರೆಯೇ ಇಲ್ಲ. ಹಾಗಾಗಿ ಬಿಲ್ಲಿನ ಆ ಸಾಲು ಕೆಲಸದವರಿಗೆ ಮೊದಲಿಗಿಂತ ದೊಡ್ಡದಾಗಿದೆ.

ತೊಂದರೆ ಇರುವುದು ಬೇರೆ ಕಡೆ. ಬೆಂಗಳೂರಿನ ಹೋಟೆಲುಗಳಲ್ಲಿ ಕ್ಯಾಪ್ಟನ್ ಆಗಿದ್ದು ಈಗ ಊರಿಗೆ ಮರಳಿರುವ ಹರಿಹರದವರೊಬ್ಬರು ಅದನ್ನು ಒಂದೇ ಮಾತಿನಲ್ಲಿ ಹೇಳಿದರು: “ಈ ತಿಂಗಳು ಸೇಲ್ ಎಷ್ಟಾತು ಅಂತ ಎಲ್ಲರೂ ಕೇಳ್ತಾರ್ರೀ. ಎಷ್ಟು ಪಾಯಿಂಟಿಗೆ ಹಂಚಿದ್ರು ಅಂತ ಕೇಳೋನು ಒಬ್ಬನೂ ಇಲ್ಲ.” ಮದುವೆ ಸೀಸನ್ನಿನ ಒಂದು ತಿಂಗಳ ಕೊನೆಗೆ ಸಪ್ಲಾಯರ್ ಹುಡುಗನೊಬ್ಬ ಅವರನ್ನು ಹಿಡಿದುಕೊಂಡನಂತೆ: “ಅಣ್ಣಾ, ವ್ಯಾಪಾರ ಹೋದ ತಿಂಗಳಷ್ಟೇ ಆಗೇತಿ, ಪಾಯಿಂಟ್ ಯಾಕ ಇಳಿದೈತಿ?” ಇವರು ಹೇಳಿದ್ದು: “ಸೀಸನ್ನಿಗೆ ಅಂತ ನಾಲ್ಕು ಹುಡುಗರನ್ನ ತಗೊಂಡ್ರಲ್ಲಪ್ಪಾ, ಅವರಿಗೂ ಅದರಾಗ ಹಾಕ್ಯಾರ.”

ನಮ್ಮ ಮಾದರಿಯಲ್ಲೇ ನೋಡಿ. ಹೊಸ ನಾಲ್ವರಿಗೆ ತಲಾ 3 ಪಾಯಿಂಟು, 26 ದಿನ: 312. ಭಾಜಕ 1,520ರಿಂದ 1,832ಕ್ಕೆ ಏರಿತು. ಗಂಟು ಅಷ್ಟೇ ಇದ್ದರೆ ಪಾಯಿಂಟು 50ರಿಂದ ನಲವತ್ತೊಂದೂವರೆಗೆ ಇಳಿಯುತ್ತದೆ. ಹಳೆಯ ಸಪ್ಲಾಯರ್‌ಗೆ 3,900ರ ಬದಲು ಸುಮಾರು 3,235. ಹೊಸಬರನ್ನು ಕರೆತಂದದ್ದು ಮಾಲೀಕರು, ಅವರ ಕೂಲಿಯ ಒಂದು ಪಾಲು ಹೊತ್ತದ್ದು ಹಳಬರು. ಇದು ಮೋಸದ ಉದ್ದೇಶದಿಂದಲೇ ಆಗಬೇಕಿಲ್ಲ. ಹೆಚ್ಚಿನ ಕಡೆ ‘ಎಲ್ಲರಿಗೂ ಪಾಯಿಂಟ್ ಇದೆಯಲ್ಲ, ಇವರಿಗೂ ಇರಲಿ’ ಎಂಬ ಧಾರಾಳದಲ್ಲೇ ಆಗುತ್ತದೆ. ಆ ಧಾರಾಳಕ್ಕೆ ದುಡ್ಡು ಹೋಗುವುದು ಯಾರದು ಎಂದು ನೋಡುವುದಿಲ್ಲ. ಆಫೀಸಿನಲ್ಲಿ ಕೂರುವ ಅಕೌಂಟೆಂಟ್, ಸ್ಟೋರ್ ಕೀಪರ್, ಮಾಲೀಕರ ಕಡೆಯ ‘ನೋಡಿಕೊಳ್ಳುವ’ ಹುಡುಗ, ಹೀಗೆ ಒಬ್ಬೊಬ್ಬರಾಗಿ ಪಟ್ಟಿಗೆ ಸೇರುತ್ತಾರೆ. ಅವರ ಪಾಯಿಂಟು ಸಾಮಾನ್ಯವಾಗಿ 2 ಇರುವುದಿಲ್ಲ, 4 ಅಥವಾ 5.

ಇದೇ ಭಾಜಕದ ಇನ್ನೊಂದು ಮುಖ ಸ್ವಲ್ಪ ವಿಚಿತ್ರ. ಎಲ್ಲರೂ ತಪ್ಪದೆ ಬಂದ ತಿಂಗಳಲ್ಲಿ 1,690ರಿಂದ ಭಾಗಿಸಬೇಕು. ಪಾಯಿಂಟು 45ಕ್ಕೆ ಇಳಿಯುತ್ತದೆ. ಅಂದರೆ ಜೊತೆಗಾರ ರಜೆ ಹಾಕಿದರೆ ಉಳಿದವರಿಗೆ ನಾಲ್ಕು ಕಾಸು ಹೆಚ್ಚು. ಅವನ ಟೇಬಲುಗಳನ್ನೂ ಇವರೇ ನೋಡಿಕೊಳ್ಳುವುದರಿಂದ ಅದು ಸರಿಯೇ. ಆದರೆ ಬಿಟ್ಟುಹೋದ ಇಬ್ಬರ ಜಾಗಕ್ಕೆ ಬೇಗ ಜನ ತಗೊಳ್ಳಿ ಎಂದು ಕೇಳಬೇಕಾದ ಹಳೆಯ ಕೈಗಳೇ ಸುಮ್ಮನಿರುವುದನ್ನು ಕಂಡಿದ್ದೇನೆ. ಸೊಂಟ ನೋಯುತ್ತದೆ, ಪಾಯಿಂಟು ಚೆನ್ನಾಗಿರುತ್ತದೆ.

ಯಾರಿಗೆ ಎಷ್ಟು ಪಾಯಿಂಟು ಎಂಬ ಜಗಳಕ್ಕೆ ಮುಕ್ತಾಯವೇ ಇಲ್ಲ. ಅಡುಗೆಯವರು ‘ಜನ ಬರೋದು ನಮ್ಮ ಕೈರುಚಿಗೆ’ ಎನ್ನುತ್ತಾರೆ. ಸಪ್ಲಾಯರ್‌ಗಳು ‘ಗಿರಾಕಿ ಬೈಯೋದು ನಮ್ಮ ಮುಖಕ್ಕೆ’ ಎನ್ನುತ್ತಾರೆ. ಅಡುಗೆಯವರಿಗೆ ಬೇಸಿಕ್ ಹೆಚ್ಚಿರುವ ಕಡೆ ಹೊರಗಿನವರಿಗೆ ಪಾಯಿಂಟು ಹೆಚ್ಚಿಡುವುದುಂಟು, ಎರಡನ್ನೂ ಕೂಡಿ ನೋಡದೆ ನ್ಯಾಯ ಹೇಳಲಾಗುವುದಿಲ್ಲ. ಹೊಸಬರಿಗೆ ಮೊದಲ ಮೂರು ತಿಂಗಳು ಪಾಯಿಂಟೇ ಇಲ್ಲ ಎಂಬ ನಿಯಮ ಕೆಲವೆಡೆ ಇದೆ. ನನಗೆ ಅದಕ್ಕಿಂತ ಕೆಟ್ಟದ್ದೆನಿಸುವುದು, ತಿಂಗಳ ನಡುವೆ ಕೆಲಸ ಬಿಟ್ಟವನ ಪಾಲನ್ನು ಕೊಡದಿರುವ ರೂಢಿ. ಮಾರ್ಚಿನ ಗಂಟನ್ನು ಏಪ್ರಿಲ್ ಹತ್ತಕ್ಕೆ ಹಂಚುತ್ತಾರೆ. ಏಪ್ರಿಲ್ ಎರಡಕ್ಕೆ ಬಿಟ್ಟವನಿಗೆ ಇಡೀ ಮಾರ್ಚಿನದೂ ಖೋತಾ. ಬ್ರೇಕೇಜ್ ಕೂಡ ಹಾಗೆಯೇ. ತಿಂಗಳಿಗೆ ನಾಲ್ಕು ಸಾವಿರದ ಗ್ಲಾಸು ನಿಜವಾಗಿ ಒಡೆಯಿತೇ, ಅಥವಾ ಅದು ಪ್ರತಿ ತಿಂಗಳೂ ಹಿಡಿಯುವ ಮಾಮೂಲಿಯೇ ಎಂಬುದು ಒಡೆದ ಸಾಮಾನಿನ ಪುಸ್ತಕ ಇದ್ದರೆ ಮಾತ್ರ ಗೊತ್ತಾಗುತ್ತದೆ. ಅಂಥ ಪುಸ್ತಕ ಇಡುವವರು ಅಪರೂಪ.

ಇನ್ನು ತಿಂಗಳ ಏರಿಳಿತ. ವಿದ್ಯಾನಗರದ ಹೋಟೆಲುಗಳ ಜೀವ ಕಾಲೇಜುಗಳು. ಪರೀಕ್ಷೆ ಮುಗಿದು ಹಾಸ್ಟೆಲುಗಳು ಖಾಲಿಯಾದರೆ ಸಂಜೆಯ ಟೇಬಲುಗಳೂ ಖಾಲಿ. ಆಷಾಢದಲ್ಲಿ ಮದುವೆ ನಿಶ್ಚಿತಾರ್ಥ ಇಲ್ಲ, ಶ್ರಾವಣದಲ್ಲಿ ಮಾಂಸದೂಟದವರ ವ್ಯಾಪಾರ ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಊರು ತುಂಬ ಜನವೇನೋ ಹೌದು, ಆದರೆ ಅವರೆಲ್ಲ ನೆಂಟರ ಮನೆಯಲ್ಲೇ ಉಣ್ಣುವವರು. ನಮ್ಮ ಮಾದರಿ ಹೋಟೆಲಿನಲ್ಲಿ ವ್ಯಾಪಾರ 14 ಲಕ್ಷಕ್ಕೆ ಬಿದ್ದ ತಿಂಗಳು ಪಾಯಿಂಟು 35, ಸಪ್ಲಾಯರ್ ಪಾಲು 2,730. ಚೆನ್ನಾಗಿ ಕುದುರಿ 26 ಲಕ್ಷವಾದ ತಿಂಗಳು ಪಾಯಿಂಟು 65, ಪಾಲು 5,070. ಮನೆ ಬಾಡಿಗೆ, ಸಂಘದ ಸಾಲದ ಕಂತು ಮಾತ್ರ ಎರಡೂ ತಿಂಗಳಲ್ಲಿ ಒಂದೇ. ಅನುಭವಸ್ಥರು ಆಷಾಢದ ಅಂಕಿಯನ್ನು ಹಿಡಿದು ಸಂಸಾರ ಹೂಡುತ್ತಾರೆ. ಹೊಸಬರು ವೈಶಾಖದ ಅಂಕಿ ನಂಬಿ ಬೈಕು ತಗೊಳ್ಳುತ್ತಾರೆ.

ಸಂಬಳದ ಚೀಟಿಗೆ ಬರೋಣ. ಸಪ್ಲಾಯರ್‌ನ ನಿಗದಿ ವೇತನ 15,000 ಎಂದಿಟ್ಟುಕೊಳ್ಳಿ. ಶೇ 12ರ ಪಿಎಫ್ 1,800, ಶೇ 0.75ರ ಇಎಸ್‌ಐ 113 ಕಳೆದು 13,087. ಅದಕ್ಕೆ ಪಾಯಿಂಟಿನ 3,900 ಸೇರಿದರೆ ಕೈಗೆ 16,987. ಒಟ್ಟಿನಲ್ಲಿ ನಾಲ್ಕನೇ ಒಂದು ಭಾಗಕ್ಕೆ ಹತ್ತಿರದಷ್ಟು ಹಣ ಪಾಯಿಂಟಿನಿಂದ ಬಂದದ್ದು. ಕೈಗೆ ಬಂದಾಗ ಎರಡೂ ಒಂದೇ ಬಣ್ಣದ ನೋಟು. ಕಾನೂನಿನ ಕಣ್ಣಿಗೆ ಒಂದಲ್ಲ.

ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಕಾರ್ಮಿಕ ಸಂಘದ ವ್ಯಾಜ್ಯ 1976ರಲ್ಲಿ ಸುಪ್ರೀಂ ಕೋರ್ಟಿನ ಮುಂದಿತ್ತು. ಗಿರಾಕಿಗಳಿಂದ ಸರ್ವಿಸ್ ಚಾರ್ಜ್ ಎಂದು ವಸೂಲಾಗಿ ಕೆಲಸದವರಿಗೆ ಹಂಚಿಕೆಯಾಗುವ ಹಣ ಮಾಲೀಕರು ಕೊಡುವ ವೇತನವಲ್ಲ ಎಂಬ ನಿಲುವು ಅಲ್ಲಿಂದ ಬಂದದ್ದು. ಅದೇ ಎಳೆಯನ್ನು 2016ರಲ್ಲಿ ಐಟಿಸಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಂದುವರಿಸಿತು. ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಹೋಟೆಲು ಕೆಲಸದವರ ಪರವಾಗಿ ಇಟ್ಟುಕೊಂಡಿರುತ್ತದೆ ಅಷ್ಟೆ, ಅದು ಸಂಬಳವಲ್ಲ, ಆದ್ದರಿಂದ ಸಂಬಳದ ಲೆಕ್ಕದಲ್ಲಿ ಟಿಡಿಎಸ್ ಹಿಡಿಯಬೇಕಿಲ್ಲ ಎಂದಿತು. ಇಎಸ್‌ಐ ನಿಗಮವೂ ಸರ್ವಿಸ್ ಚಾರ್ಜ್ ಪಾಲಿನ ಮೇಲೆ ವಂತಿಗೆ ಬೇಡ ಎಂದು ಒಪ್ಪಿಕೊಂಡಿದೆ. ಕೇಳಿದಾಗ ಇದೆಲ್ಲ ಕೆಲಸದವರ ಪರವಾಗಿಯೇ ಇದೆ ಎನಿಸುತ್ತದೆ. ಹಣ ಮಾಲೀಕರದಲ್ಲ, ಕಡಿತವೂ ಇಲ್ಲ. ನಿಗದಿ ವೇತನ ಕಡಿಮೆಯಿದ್ದರೆ ‘ಪಾಯಿಂಟು ಬರುತ್ತದಲ್ಲ’ ಎಂದು ಕನಿಷ್ಠ ವೇತನದ ಕೊರತೆಯನ್ನು ಅದರಲ್ಲಿ ತುಂಬಲೂ ಇದೇ ಕಾರಣಕ್ಕೆ ಬರುವುದಿಲ್ಲ, ಗಿರಾಕಿಯ ಹಣದಿಂದ ಮಾಲೀಕನ ಹೊಣೆ ತೀರುವುದಿಲ್ಲ.

ಆದರೆ ಹುಡುಗ ಜ್ವರ ಬಂದು ಮಲಗಲಿ. ದಾವಣಗೆರೆಯ ಇಎಸ್‌ಐ ಆಸ್ಪತ್ರೆಯ ವೈದ್ಯರು ಒಂದು ತಿಂಗಳ ವಿಶ್ರಾಂತಿಗೆ ಬರೆದುಕೊಟ್ಟರು ಎನ್ನಿ. ಇಎಸ್‌ಐ ಕೊಡುವ ಅನಾರೋಗ್ಯ ಭತ್ಯೆ ವೇತನದ ಶೇ 70, ಅಂದರೆ 15,000ದ ಮೇಲೆ ಸುಮಾರು 10,500. ಪಾಯಿಂಟಿನ 3,900 ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಮತ್ತು ಕೆಲಸಕ್ಕೆ ಬಾರದ್ದರಿಂದ ಆ ತಿಂಗಳ ಹಂಚಿಕೆಯಲ್ಲೂ ಅವನ ಹೆಸರಿನ ಮುಂದೆ ಸೊನ್ನೆ. ಹತ್ತು ವರ್ಷ ದುಡಿದು ಬಿಟ್ಟರೆ ಗ್ರ್ಯಾಚುಯಿಟಿ: ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನವೆಂದು ಲೆಕ್ಕ. 15,000ದ ಮೇಲೆ 86,538 ರೂಪಾಯಿ. ಪಾಯಿಂಟಿನ 3,900 ವೇತನದೊಳಗೇ ಇದ್ದಿದ್ದರೆ ಇನ್ನೂ 22,500 ಸೇರುತ್ತಿತ್ತು. ಬ್ಯಾಂಕಿನವರು ಸಾಲ ಕೊಡುವಾಗಲೂ ಚೀಟಿಯಲ್ಲಿನ ಅಂಕಿಯನ್ನೇ ನೋಡುತ್ತಾರೆ. ಲಕೋಟೆಯಲ್ಲಿ ಬರುವ ನೋಟನ್ನು ಅವರು ಕಾಣರು. ಪಾಯಿಂಟು ಇವತ್ತಿನ ಹೊಟ್ಟೆಗೆ ಆಗುತ್ತದೆ, ಕಾಯಿಲೆಗೂ ಮುಪ್ಪಿಗೂ ಆಗುವುದಿಲ್ಲ.

ಈ ಗಂಟೇ ಈಗ ಕರಗುತ್ತಿದೆ. ಸರ್ವಿಸ್ ಚಾರ್ಜ್ ಗಿರಾಕಿಯ ಇಚ್ಛೆಗೆ ಬಿಟ್ಟದ್ದು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2017ರ ಏಪ್ರಿಲ್‌ನಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಿಗಿಯಾಗಿಯೇ ಹೇಳಿತು: ಬಿಲ್ಲಿನಲ್ಲಿ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ, ಊಟದ ಮೊತ್ತಕ್ಕೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಹೋಟೆಲು ಮತ್ತು ರೆಸ್ಟೋರೆಂಟುಗಳ ಎರಡು ರಾಷ್ಟ್ರೀಯ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ರಂದು ಹೈಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿ, ಒಂದೊಂದು ಲಕ್ಷ ವೆಚ್ಚವನ್ನೂ ಹಾಕಿ, ಮಾರ್ಗಸೂಚಿಯನ್ನು ಎತ್ತಿ ಹಿಡಿಯಿತು. ಮೇಲ್ಮನವಿ ವಿಭಾಗೀಯ ಪೀಠದ ಮೆಟ್ಟಿಲೇರಿತು. ಹೀಗಾಗಿ ನಾನು ಮೊದಲು ತೋರಿಸಿದಂಥ ಬಿಲ್ಲು, ಅದು ಎಷ್ಟೇ ರೂಢಿಯಲ್ಲಿದ್ದರೂ, ಗಿರಾಕಿ ಬೇಡವೆಂದರೆ ನಿಲ್ಲದ ಬಿಲ್ಲು. 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಗಿರಾಕಿಯ ಕಡೆಯಿಂದ ಈ ತೀರ್ಮಾನದಲ್ಲಿ ನನಗೆ ತಕರಾರಿಲ್ಲ. ದರಪಟ್ಟಿಯಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಎಂಬುದು ಸರಿಯಾದ ವ್ಯಾಪಾರವಲ್ಲ. ನನ್ನ ತಕರಾರು ಇಷ್ಟೆ: ಗಿರಾಕಿ ಮತ್ತು ಮಾಲೀಕರ ನಡುವೆ ಇಷ್ಟು ವರ್ಷ ವಾದ ನಡೆದರೂ, ಕೊಟ್ಟ ಹಣ ಕೆಲಸದವರಿಗೆ ಸೇರಲೇಬೇಕು ಎನ್ನುವ ಒಂದು ಕಾಯ್ದೆ ನಮ್ಮಲ್ಲಿ ಹುಟ್ಟಲಿಲ್ಲ. ಬ್ರಿಟನ್ನು 2023ರಲ್ಲಿ ಅಂಥ ಕಾಯ್ದೆ ಮಾಡಿ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಟಿಪ್ಸು, ಸರ್ವಿಸ್ ಚಾರ್ಜು ಯಾವುದೇ ಇರಲಿ, ಮಾಲೀಕ ಪೂರ್ತಿ ಹಂಚಬೇಕು. ಬ್ರೇಕೇಜ್ ಎಂದು ಮುರಿದುಕೊಳ್ಳುವಂತಿಲ್ಲ. ಹಂಚುವ ರೀತಿ ಬರಹದಲ್ಲಿರಬೇಕು. ಮೂರು ವರ್ಷದ ಲೆಕ್ಕ ಇಟ್ಟಿರಬೇಕು, ಕೆಲಸದವನು ಕೇಳಿದರೆ ತೋರಿಸಬೇಕು. ಅಲ್ಲಿ ಪಾಯಿಂಟು ಇರಬಹುದು, ಗುಟ್ಟು ಇರುವಂತಿಲ್ಲ. ಫಿಲಿಪ್ಪೀನ್ಸ್ 2019ರಲ್ಲಿ ಇನ್ನೂ ಮುಂದೆ ಹೋಗಿ, ಸರ್ವಿಸ್ ಚಾರ್ಜನ್ನು ವ್ಯವಸ್ಥಾಪಕರನ್ನು ಬಿಟ್ಟು ಉಳಿದ ಎಲ್ಲರಿಗೂ ಸಮಪಾಲು ಎಂದಿತು. ಅಲ್ಲಿ ಪಾತ್ರೆ ತೊಳೆಯುವವನೂ ಕ್ಯಾಪ್ಟನ್ನೂ ಒಂದೇ ಪಾಲಿನವರು, ಮ್ಯಾನೇಜರ್ ಹೊರಗೆ. ನಮ್ಮ ಮಾದರಿಯಲ್ಲಿ ಎಲ್ಲರಿಗಿಂತ ಹೆಚ್ಚು ಒಯ್ದವರು ಯಾರೆಂದು ನೆನಪಿರಲಿ.

ಕಾಯ್ದೆ ಬರುವ ತನಕ ಕೆಲಸದವರು ತಾವೇ ಪರೀಕ್ಷಿಸಿಕೊಳ್ಳಬಹುದು, ಅದಕ್ಕೆ ಬೇಕಾದದ್ದು ಮೂರೇ ಅಂಕಿ. ತಿಂಗಳಲ್ಲಿ ಸರ್ವಿಸ್ ಚಾರ್ಜ್ ಎಂದು ವಸೂಲಾದದ್ದೆಷ್ಟು, ಅದರಲ್ಲಿ ಹಿಡಿದದ್ದೆಷ್ಟು, ಎಷ್ಟು ಪಾಯಿಂಟು-ದಿನಗಳಿಗೆ ಹಂಚಿದರು. ಮೊದಲನೆಯದು ಬಿಲ್ಲಿಂಗ್ ಸಾಫ್ಟ್‌ವೇರಿನ ತಿಂಗಳ ವರದಿಯಲ್ಲಿ ಬೇರೆ ಸಾಲಾಗಿಯೇ ಇರುತ್ತದೆ. ಗಲ್ಲಾದವನಿಗೆ ಗೊತ್ತಿರದ ಅಂಕಿಯಲ್ಲ. ಮೂರನೆಯದಕ್ಕೆ ಹಾಜರಿ ಪುಸ್ತಕ ಸಾಕು. ಹರಿಹರದ ಆ ಕ್ಯಾಪ್ಟನ್ ಕೆಲಸ ಮಾಡಿದ ಒಂದು ಕಡೆ ಪ್ರತಿ ತಿಂಗಳೂ ಪಾಯಿಂಟ್ ಶೀಟನ್ನು ಕೈ ತೊಳೆಯುವ ಜಾಗದ ಗೋಡೆಗೆ ಅಂಟಿಸುತ್ತಿದ್ದರಂತೆ: ಹೆಸರು, ಪಾಯಿಂಟು, ಬಂದ ದಿನ, ಮೊತ್ತ, ಕೆಳಗೆ ಒಟ್ಟು. “ಅಲ್ಲಿ ಒಂದು ದಿನಾನೂ ಜಗಳ ಆಗ್ಲಿಲ್ಲ ನೋಡ್ರಿ. ಇನ್ನೊಂದು ಕಡೆ ಲಕೋಟೆಯೊಳಗ ಹಾಕಿ ಕೊಡ್ತಿದ್ರು, ದುಡ್ಡು ಅಲ್ಲೇ ಜಾಸ್ತಿ ಬರ್ತಿತ್ತು. ಆದ್ರೂ ಎಲ್ಲರಿಗೂ ಅನುಮಾನ.” ಶೀಟು ನೋಡಿ ಬರೀ ತನ್ನ ಸಾಲನ್ನು ಓದುವವನಿಗೆ ಏನೂ ತಿಳಿಯುವುದಿಲ್ಲ. ಹೋದ ತಿಂಗಳ ಶೀಟಿನ ಪಕ್ಕದಲ್ಲಿಟ್ಟು, ಕೆಳಗಿನ ಒಟ್ಟು ಪಾಯಿಂಟು ಏಕೆ ಏರಿತು, ಯಾವ ಹೊಸ ಹೆಸರು ಬಂತು ಎಂದು ನೋಡಬೇಕು.

ಸರ್ವಿಸ್ ಚಾರ್ಜನ್ನೇ ಕೈಬಿಡಲು ಹೊರಟ ಮಾಲೀಕರ ಮುಂದಿರುವ ದಾರಿ ಲೆಕ್ಕದ ಮಟ್ಟಿಗೆ ಅಷ್ಟೇನೂ ಕಠಿಣವಲ್ಲ. ನಮ್ಮ ಮಾದರಿಯಲ್ಲಿ ವಸೂಲಾಗುತ್ತಿದ್ದದ್ದು 80,000, ವ್ಯಾಪಾರದ ಶೇ 4. ದರಪಟ್ಟಿಯನ್ನೇ ಶೇ 4 ಏರಿಸಿದರೆ, 70 ರೂಪಾಯಿಯ ದೋಸೆ 73 ಆದರೆ, ಆ ಹಣ ಬಂದೇ ಬರುತ್ತದೆ, ತೆಗೆಸುವ ಗಿರಾಕಿಯ ಭಯವಿಲ್ಲ. ಪಾಯಿಂಟಿಗೆ 45ರಂತೆ ನಿಗದಿ ಮಾಡಿ ಸಂಬಳಕ್ಕೇ ಸೇರಿಸಿದರೆ ಸಪ್ಲಾಯರ್‌ಗೆ ತಿಂಗಳಿಗೆ 3,510 ಖಾಯಂ ಏರಿಕೆ. ಮಾಲೀಕರಿಗೆ ಅದರ ಮೇಲೆ ಶೇ 3.25ರ ಇಎಸ್‌ಐ ಬೀಳುತ್ತದೆ, ಗ್ರ್ಯಾಚುಯಿಟಿಯ ಹೊಣೆ ಬೆಳೆಯುತ್ತದೆ. 15,000ದ ಮಿತಿ ಮುಟ್ಟಿದವರಿಗೆ ಪಿಎಫ್ ಕಡ್ಡಾಯವಾಗಿ ಏರಿಸಬೇಕಿಲ್ಲ. ಒಂದು ಮುಳ್ಳು ಮಾತ್ರ ಇದೆ. ಇಎಸ್‌ಐಗೆ ವೇತನದ ಮಿತಿ 21,000. ನಿಗದಿ ವೇತನ 18,000 ಇರುವ ಕ್ಯಾಪ್ಟನ್‌ಗೆ ಪಾಯಿಂಟಿನ 4,680 ಸಂಬಳದೊಳಗೆ ಬಂದರೆ 22,680 ಆಗಿ, ಆಸ್ಪತ್ರೆಯ ಸೌಲಭ್ಯದಿಂದಲೇ ಹೊರಬೀಳುತ್ತಾನೆ. ವಂತಿಗೆಯ ಅವಧಿ ಮುಗಿಯುವ ತನಕ ಇರುತ್ತದೆ, ಆಮೇಲೆ ಇಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇರುವವನಿಗೆ ಇದು ಸಣ್ಣ ವಿಷಯವಲ್ಲ.

ಈ ನಿಗದಿ ಲೆಕ್ಕವನ್ನು ಆ ಕ್ಯಾಪ್ಟನ್ ಮುಂದೆ ಇಟ್ಟೆ. ಅವರು ಒಪ್ಪಲಿಲ್ಲ. ವ್ಯಾಪಾರ ಕುದುರಿದ ತಿಂಗಳು 65 ಬೀಳುವಾಗ 45 ಹಿಡಿದು ಕೂರುವುದು ಯಾಕೆ, ಆ ಇಪ್ಪತ್ತು ಮಾಲೀಕರ ಜೇಬಿಗೆ ಹೋಗುತ್ತದೆ, ಎಂದರು. ಅವರ ಜೊತೆ ಒಂದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡಿದ್ದ, ಈಗ ಹರಿಹರದಲ್ಲೇ ಇರುವ ಹೆಂಗಸು ಪಕ್ಕದಲ್ಲಿ ಕೂತಿದ್ದರು. “ನಿಮಗ ನಾಲ್ಕು ಪಾಯಿಂಟ್ ಐತಿ ಅಣ್ಣಾ, ನೀವು ಹಂಗ ಅಂತೀರಿ” ಎಂದರು. “ನನಗ ಎರಡೇ. ಆಷಾಢದಾಗೂ ಅಷ್ಟೇ ಕೊಡ್ತಾರ ಅಂದ್ರ ನಾನು ನಾಳೇನೇ ಸಹಿ ಮಾಡ್ತೀನಿ.” ಕ್ಯಾಪ್ಟನ್ ಅದಕ್ಕೂ ಒಪ್ಪಲಿಲ್ಲ, ಮಾಲೀಕರು ಎರಡನೇ ವರ್ಷಕ್ಕೆ ಅದನ್ನು ಏರಿಸುತ್ತಾರೇನು ಎಂದು ಕೇಳಿದರು. ಆಯಮ್ಮ, ಪಾಯಿಂಟನ್ನಾದರೂ ಯಾರು ಏರಿಸಿದ್ದರು ಎಂದರು.